ಆ ‘ಗುಳ್’ ಸದ್ದನ್ನು ನಂಬಬೇಡಿ

ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ದಾವಣಗೆರೆ ಹತ್ತಿರದ ಒಂದು ಹಳ್ಳಿಯಿಂದ. “ಸಿಸ್ಟರ್, ಮಾವನವರ ಪೈಪಿನಿಂದ ಎಳೆದ್ರೆ ಏನೂ ಬರ್ತಿಲ್ಲ. ಆದ್ರೆ ಗಾಳಿ ಬಿಟ್ಟು ನೋಡ್ದೆ, ಹೊಟ್ಟೇಲಿ ಗುಳ್ ಅಂತ ಚೆನ್ನಾಗೇ ಕೇಳಿಸ್ತು. ಗಂಜಿ ಹಾಕ್ಲಾ?”

ಆಕೆಯ ಮಾವನಿಗೆ 68 ವರ್ಷ. ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿತ್ತು, ಮಾತು ತೊದಲುತ್ತಿತ್ತು, ನುಂಗುವ ಶಕ್ತಿಯೂ ಹೋಗಿತ್ತು. ಆಸ್ಪತ್ರೆಯಲ್ಲಿ ಹನ್ನೆರಡು ದಿನ ಇದ್ದು, ಮೂಗಿನಲ್ಲಿ ರೈಲ್ಸ್ ಟ್ಯೂಬ್ ಇಟ್ಟುಕೊಂಡೇ ಮನೆಗೆ ಬಂದಿದ್ದರು. ಬಂದು ನಾಲ್ಕು ದಿನವಾಗಿತ್ತು. ಡಿಸ್ಚಾರ್ಜ್ ದಿನ ಯಾರೋ ಸೊಸೆಗೆ ತೋರಿಸಿಕೊಟ್ಟಿದ್ದರು: ಸಿರಿಂಜಿನಿಂದ ಟ್ಯೂಬಿಗೆ ಗಾಳಿ ಹೊಡೆಯುವುದು, ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳುವುದು, ‘ಗುಳ್’ ಅಂದರೆ ಟ್ಯೂಬ್ ಹೊಟ್ಟೆಯಲ್ಲಿದೆ ಎಂದರ್ಥ. ಆಕೆ ಪಾಪ, ಇದಕ್ಕೆಂದೇ ಮೆಡಿಕಲ್ ಸ್ಟೋರಿಗೆ ಹೋಗಿ ಒಂದು ಸ್ಟೆತಾಸ್ಕೋಪ್ ಕೊಂಡು ತಂದಿದ್ದಳು.

ನಾನು ಸದ್ದಿನ ವಿಷಯ ಕೇಳಲೇ ಇಲ್ಲ. “ಮನೇಲಿ ಅಳತೆ ಟೇಪು ಇದೆಯೇನಮ್ಮ?” ಅಂದೆ. ಮನೆಯಲ್ಲೇ ರವಿಕೆ ಹೊಲಿಯುವ ಹೆಣ್ಣುಮಗಳು, ಟೇಪು ಕೈಯಳತೆಯಲ್ಲೇ ಇತ್ತು. ಮೂಗಿನ ಹೊಳ್ಳೆಯಿಂದ ಟ್ಯೂಬಿನ ಹೊರತುದಿಯವರೆಗೆ ಅಳೆಯಲು ಹೇಳಿದೆ. 62 ಸೆಂ.ಮೀ. ಇತ್ತು. ಡಿಸ್ಚಾರ್ಜ್ ಚೀಟಿಯ ಹಿಂಬದಿಯಲ್ಲಿ ವಾರ್ಡಿನ ಒಬ್ಬ ನರ್ಸ್ ಪೆನ್ನಿನಲ್ಲಿ ಬರೆದಿದ್ದರು: ಒಳಗೆ 58, ಹೊರಗೆ 47. ಅಂದರೆ ರಾತ್ರಿ ಯಾವಾಗಲೋ 15 ಸೆಂ.ಮೀ. ಟ್ಯೂಬ್ ಹೊರಗೆ ಬಂದಿತ್ತು. ಮೂಗಿನ ಮೇಲಿನ ಪ್ಲಾಸ್ಟರು ಬೆವರಿಗೆ ಬಿಟ್ಟುಕೊಂಡಿತ್ತು. ಎಡಗೈ ಓಡುತ್ತಿದ್ದ ಮಾವ ನಿದ್ದೆಗಣ್ಣಿನಲ್ಲಿ ಎಳೆದಿದ್ದಿರಬೇಕು.

“ಏನೂ ಹಾಕಬೇಡಮ್ಮ. ಒಂದು ಹನಿ ನೀರೂ ಬೇಡ” ಅಂದೆ.

ಟ್ಯೂಬಿನ ಒಳಗಿನ ಉದ್ದ ಈಗ ಬರೀ 43 ಸೆಂ.ಮೀ. ದೊಡ್ಡವರಲ್ಲಿ ಮೂಗಿನಿಂದ ಹೊಟ್ಟೆಯ ಬಾಯಿಗೆ ಸುಮಾರು ಅಷ್ಟೇ ದೂರ. ತುದಿ ಅನ್ನನಾಳದ ಕೊನೆಯಲ್ಲಿ ಎಲ್ಲೋ ನೇತಾಡುತ್ತಿತ್ತು. ರೈಲ್ಸ್ ಟ್ಯೂಬಿನ ರಂಧ್ರಗಳು ತುದಿಯಲ್ಲಲ್ಲ, ತುದಿಗಿಂತ ಮೇಲೆ ಪಕ್ಕಗಳಲ್ಲಿ ಸಾಲಾಗಿರುತ್ತವೆ. ಹಾಗಾಗಿ ಹಾಕಿದ ಗಂಜಿ ಹೊಟ್ಟೆಗಿಂತ ಮೇಲೆಯೇ, ಅನ್ನನಾಳದಲ್ಲೇ ಹೊರಬೀಳುತ್ತಿತ್ತು. 200 ಮಿ.ಲೀ. ಗಂಜಿ ಅಲ್ಲಿ ತುಂಬಿ ಮೇಲಕ್ಕೆ ಉಕ್ಕಿದರೆ ಗಂಟಲಿಗೆ ಬರುತ್ತದೆ. ಗಂಟಲಲ್ಲಿ ಪಕ್ಕದಲ್ಲೇ ಶ್ವಾಸನಾಳದ ಬಾಗಿಲು. ಇಷ್ಟಾದರೂ ಹೊಟ್ಟೆಯ ಮೇಲೆ ‘ಗುಳ್’ ಕೇಳಿಸಿತ್ತು. ಆ ಸದ್ದು ಸುಳ್ಳಲ್ಲ. ಅನ್ನನಾಳದ ಕೊನೆಯಲ್ಲಿ ಗಾಳಿ ಬಿಟ್ಟರೂ ಕೇಳಿಸುತ್ತದೆ, ಶ್ವಾಸಕೋಶದ ತಳದಲ್ಲಿ ಬಿಟ್ಟರೂ ಕೇಳಿಸುತ್ತದೆ. ಎದೆ ಮತ್ತು ಹೊಟ್ಟೆಯ ನಡುವೆ ಇರುವುದು ವಪೆ ಎಂಬ ತೆಳ್ಳನೆಯ ಸ್ನಾಯುವಿನ ಹಾಳೆ ಮಾತ್ರ. ಸದ್ದು ಅದನ್ನು ಸಲೀಸಾಗಿ ದಾಟುತ್ತದೆ. ಎಲ್ಲಿಂದ ಬಂತೆಂದು ಕಿವಿಗೆ ಗೊತ್ತಾಗುವುದಿಲ್ಲ.

ಇಂಗ್ಲೆಂಡಿನಲ್ಲಿ ರೋಗಿಗಳ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ 2005ರಲ್ಲೇ ಆಸ್ಪತ್ರೆಗಳಿಗೆ ಎಚ್ಚರಿಕೆ ಕಳಿಸಿ, ಗಾಳಿ ಹೊಡೆದು ಕೇಳುವ ಪರೀಕ್ಷೆಯನ್ನು ಕೈಬಿಡಲು ಹೇಳಿತು. ಟ್ಯೂಬಿನ ತುದಿಯನ್ನು ನೀರಿನ ಲೋಟದಲ್ಲಿ ಅದ್ದಿ ಗುಳ್ಳೆ ಬರುತ್ತದೆಯೇ ಎಂದು ನೋಡುವ ರೂಢಿಗೂ ಇದೇ ಗತಿ. ಹೊಟ್ಟೆಯಲ್ಲೂ ಗಾಳಿ ಇರುತ್ತದೆ, ಗುಳ್ಳೆ ಅಲ್ಲಿಂದಲೂ ಬರಬಹುದು. ಟ್ಯೂಬ್ ನಿಜವಾಗಿಯೂ ಶ್ವಾಸನಾಳದಲ್ಲಿದ್ದರೆ ಉಸಿರೆಳೆದಾಗ ಲೋಟದ ನೀರೇ ಒಳಗೆ ಹೋಗಬಹುದು. ನಮ್ಮ ಕಡೆ ಎರಡೂ ಇನ್ನೂ ಉಳಿದಿವೆ. ನಾನೂ ತರಬೇತಿಯಲ್ಲಿ ಗಾಳಿ ಹೊಡೆಯುವುದನ್ನೇ ಕಲಿತವಳು, ಹಲವು ವರ್ಷ ಅದನ್ನೇ ಬೇರೆಯವರಿಗೆ ಕಲಿಸಿದವಳು. ಅದು ತಪ್ಪು ಎಂದು ಈಗ ಯಾವ ಅನುಮಾನವೂ ಇಲ್ಲದೆ ಹೇಳುತ್ತೇನೆ.

ಹಾಗಾದರೆ ನಂಬಬೇಕಾದದ್ದು ಏನನ್ನು? ಹೊಟ್ಟೆಯ ಹುಳಿಯನ್ನು.

ಈ ಟ್ಯೂಬಿಗೆ ಹೆಸರು ಬಂದದ್ದು ಜಾನ್ ಆಲ್ಫ್ರೆಡ್ ರೈಲ್ ಎಂಬ ಬ್ರಿಟಿಷ್ ವೈದ್ಯರಿಂದ. ಕಳೆದ ಶತಮಾನದ ಆರಂಭದ ದಶಕಗಳಲ್ಲಿ ಅವರು ಇದನ್ನು ರೂಪಿಸಿದ್ದು ಊಟ ಹಾಕಲು ಅಲ್ಲ. ಹೊಟ್ಟೆಯೊಳಗಿನ ರಸವನ್ನು ಸ್ವಲ್ಪಸ್ವಲ್ಪವೇ ಹೊರಗೆಳೆದು ಅದರ ಆಮ್ಲವನ್ನು ಪರೀಕ್ಷಿಸಲು. ಇಂದು ಟ್ಯೂಬಿನ ಜಾಗ ಖಚಿತಪಡಿಸಿಕೊಳ್ಳುವ ಒಳ್ಳೆಯ ದಾರಿಯೂ ಅದೇ ಕೆಲಸ. ಸಿರಿಂಜಿನಿಂದ ಮೆಲ್ಲಗೆ ಎಳೆದಾಗ ಬರುವ ರಸದ ಒಂದೆರಡು ಹನಿಯನ್ನು ಪಿಎಚ್ ಪಟ್ಟಿಯ ಮೇಲೆ ಬಿಟ್ಟು, ಬಂದ ಬಣ್ಣವನ್ನು ಡಬ್ಬಿಯ ಮೇಲಿನ ಬಣ್ಣಗಳ ಜೊತೆ ಹೋಲಿಸಬೇಕು. ಹುಳಿ ಹೆಚ್ಚಿದ್ದಷ್ಟೂ ಅಂಕಿ ಕಡಿಮೆ. 5.5 ಅಥವಾ ಅದಕ್ಕಿಂತ ಕಡಿಮೆ ಬಂದರೆ ಅದು ಶ್ವಾಸಕೋಶದ ದ್ರವವಲ್ಲ, ಊಟ ಹಾಕಬಹುದು. ಶ್ವಾಸಕೋಶದಿಂದ ಬರುವ ದ್ರವ ಅಷ್ಟು ಹುಳಿ ಇರುವುದಿಲ್ಲ, ಸಾಮಾನ್ಯವಾಗಿ 6ಕ್ಕಿಂತ ಮೇಲೇ ಇರುತ್ತದೆ. ಶಾಲೆಯ ಪ್ರಯೋಗಾಲಯದ ನೀಲಿ, ಕೆಂಪು ಲಿಟ್ಮಸ್ ಕಾಗದ ಇದಕ್ಕೆ ಸಾಲದು. ಅದು ಹುಳಿ ಇದೆ ಅಥವಾ ಇಲ್ಲ ಎಂದಷ್ಟೇ ಹೇಳುತ್ತದೆ, ಎಷ್ಟು ಹುಳಿ ಎಂದು ಹೇಳುವುದಿಲ್ಲ. ಅರ್ಧ ಅಂಕಿಯ ವ್ಯತ್ಯಾಸ ಕಾಣುವ ಪಟ್ಟಿಯೇ ಬೇಕು. ಯಾವುದನ್ನು ಕೊಳ್ಳಬೇಕೆಂದು ಆಸ್ಪತ್ರೆಯವರನ್ನೇ ಕೇಳಿ ಬರೆಸಿಕೊಳ್ಳಿ.

ಈ ಪರೀಕ್ಷೆಗೂ ಮಿತಿಗಳಿವೆ. ಹಾಲು, ಗಂಜಿ ಹಾಕಿದ ಕೂಡಲೇ ನೋಡಿದರೆ ಹುಳಿ ತಿಳಿಯಾಗಿ ಅಂಕಿ ಮೇಲೇರುತ್ತದೆ. ಹಾಗಾಗಿ ಊಟ ಅಥವಾ ಔಷಧಿ ಕೊಟ್ಟು ಕನಿಷ್ಠ ಒಂದು ಗಂಟೆಯಾದ ಮೇಲೆ, ಅಂದರೆ ಮುಂದಿನ ಊಟಕ್ಕೆ ಮುಂಚೆ ನೋಡಬೇಕು. ಇನ್ನೊಂದು ದೊಡ್ಡ ತೊಡಕು ಗ್ಯಾಸ್ಟ್ರಿಕ್ ಮಾತ್ರೆ. ಪ್ಯಾಂಟೊಪ್ರಜೋಲ್‌ನಂಥ ಔಷಧಿಯ ಕೆಲಸವೇ ಹುಳಿ ಕಡಿಮೆ ಮಾಡುವುದು, ಲಕ್ವದ ರೋಗಿಗಳಲ್ಲಿ ಎಷ್ಟೋ ಜನ ಅದರ ಮೇಲೇ ಇರುತ್ತಾರೆ. ಅಂಥವರಲ್ಲಿ ಟ್ಯೂಬ್ ಸರಿಯಾದ ಜಾಗದಲ್ಲಿದ್ದರೂ 6 ಬರಬಹುದು. ಅದು ‘ತಪ್ಪಾಗಿದೆ’ ಎನ್ನುವುದಕ್ಕೆ ಸಾಕ್ಷಿಯಲ್ಲ, ‘ಸರಿ ಇದೆ’ ಎನ್ನುವುದಕ್ಕೂ ಅಲ್ಲ.

ನಮ್ಮ ಆ ಯಜಮಾನರ ವಿಷಯದಲ್ಲಿ ಆದದ್ದೂ ಅದೇ. ಹತ್ತು ಗಂಟೆಗೆ ಅವರನ್ನು ಆಸ್ಪತ್ರೆಗೆ ಕರೆತಂದರು. ಬರುವಾಗ ಟ್ಯೂಬನ್ನು ಒಳಗೆ ತಳ್ಳಲು ಯಾರೂ ಹೋಗಿರಲಿಲ್ಲ, ಅದು ದೊಡ್ಡ ಪುಣ್ಯ. ಜಾರಿದ ಟ್ಯೂಬನ್ನು ಮನೆಯಲ್ಲಿ ತಳ್ಳಿದರೆ ಅದು ಬಾಯೊಳಗೆ ಸುರುಳಿ ಸುತ್ತಬಹುದು, ಶ್ವಾಸನಾಳಕ್ಕೂ ಇಳಿಯಬಹುದು. ಸಕ್ಕರೆ ಕಾಯಿಲೆಗೆ ಬೆಳಿಗ್ಗೆ ಕೊಡಬೇಕಾದ ಇನ್ಸುಲಿನ್ ಕೊಡಬೇಕೋ ಬೇಡವೋ ಎಂದು ಫೋನಿನಲ್ಲೇ ಡಾಕ್ಟರನ್ನು ಕೇಳಿ, ಅವರು ಹೇಳಿದಂತೆ ತಡೆದಿದ್ದರು. ಊಟ ನಿಂತು ಇನ್ಸುಲಿನ್ ಮಾತ್ರ ಹೋದರೆ ಸಕ್ಕರೆ ಕುಸಿಯುತ್ತದೆ. ಟ್ಯೂಬ್ ಕೈಕೊಟ್ಟ ದಿನ ಮರೆಯುವ ಸಂಗತಿ ಇದು.

ಹಳೆಯ ಟ್ಯೂಬ್ ತೆಗೆದು ಹೊಸದಕ್ಕೆ ಅಳತೆ ಹಿಡಿದೆವು. ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಯ ಮೂಳೆಯ ಕೆಳತುದಿಗೆ. 58 ಸೆಂ.ಮೀ. ಬಂತು. ಅವರನ್ನು ಕೂರಿಸಿ, ಗದ್ದ ಎದೆಯ ಕಡೆ ಬಗ್ಗಿಸಿ, ಟ್ಯೂಬ್ ಇಳಿಸಿದ್ದಾಯಿತು. ಕೆಮ್ಮಲಿಲ್ಲ, ಉಸಿರು ಕಟ್ಟಲಿಲ್ಲ. ಆದರೆ ಅದರಿಂದ ಸಮಾಧಾನಪಡುವ ಹಾಗಿರಲಿಲ್ಲ. ಲಕ್ವದಿಂದ ಗಂಟಲ ಸ್ಪರ್ಶ ಮಂದವಾದವರಲ್ಲಿ ಟ್ಯೂಬ್ ಶ್ವಾಸನಾಳಕ್ಕೆ ಹೋದರೂ ಕೆಮ್ಮು ಬಾರದೇ ಇರಬಹುದು. ಮೊದಲ ಸಲ ಎಳೆದಾಗ ಸಿರಿಂಜಿಗೆ ಏನೂ ಬರಲಿಲ್ಲ. ಎಡ ಮಗ್ಗುಲಿಗೆ ತಿರುಗಿಸಿ, ಟ್ಯೂಬಿನೊಳಗೆ 15 ಮಿ.ಲೀ. ಗಾಳಿ ಬಿಟ್ಟು, ಇಪ್ಪತ್ತು ನಿಮಿಷ ಕಾದು ಮತ್ತೆ ಎಳೆದೆವು. ಇಲ್ಲಿ ಗಾಳಿ ಬಿಡುವುದು ಸದ್ದಿಗಲ್ಲ. ಹೊಟ್ಟೆಯ ಗೋಡೆಗೆ ಅಂಟಿದ ರಂಧ್ರಗಳು ಬಿಡಿಸಿಕೊಳ್ಳಲಿ ಎಂದು. ಮೂರು ಮಿ.ಲೀ.ಯಷ್ಟು ತಿಳಿ ಹಸಿರು ರಸ ಬಂತು. ಪಟ್ಟಿಯಲ್ಲಿ ಪಿಎಚ್ 6. ಒಂದು ಗಂಟೆ ಬಿಟ್ಟು ನೋಡಿದರೂ 6.

“ಹಸಿರು ಬಂದಿದೆಯಲ್ಲ ಸಿಸ್ಟರ್, ಅದು ಹೊಟ್ಟೇದೇ ಅಲ್ವಾ?” ಅಂದಳು ಸೊಸೆ. ಬಹುಶಃ ಹೊಟ್ಟೆಯದೇ. ಆದರೆ ‘ಬಹುಶಃ’ ಎನ್ನುವುದರ ಮೇಲೆ ಗಂಜಿ ಹಾಕುವುದಿಲ್ಲ. ಎಕ್ಸ್‌ರೇಗೆ ಕಳಿಸಿದೆವು.

ಎಕ್ಸ್‌ರೇ ತೆಗೆದ ಮಾತ್ರಕ್ಕೆ ಎಲ್ಲ ಮುಗಿಯಿತೆಂದಲ್ಲ. ಇಂಗ್ಲೆಂಡಿನ ಅದೇ ಸಂಸ್ಥೆ 2011ರಲ್ಲಿ ಮತ್ತೆ ಎಚ್ಚರಿಕೆ ಕೊಟ್ಟಾಗ, ಅನಾಹುತಗಳಿಗೆ ಅತಿ ದೊಡ್ಡ ಕಾರಣವೆಂದು ಕಂಡದ್ದು ಎಕ್ಸ್‌ರೇಯನ್ನು ತಪ್ಪಾಗಿ ಓದಿದ್ದು. ಟ್ಯೂಬಿನ ತುದಿ ಮಾತ್ರ ನೋಡಿ ‘ಕೆಳಗಿದೆ, ಸರಿ’ ಎಂದುಬಿಡುವುದು ಅಪಾಯ. ಶ್ವಾಸಕೋಶದ ತಳವೂ ಕೆಳಗೇ ಇರುತ್ತದೆ. ಓದಬೇಕಾದದ್ದು ಟ್ಯೂಬ್ ಬಂದ ದಾರಿಯನ್ನು. ಶ್ವಾಸನಾಳ ಎಡಕ್ಕೆ, ಬಲಕ್ಕೆ ಕವಲೊಡೆಯುವ ಜಾಗದಲ್ಲಿ ಟ್ಯೂಬ್ ಯಾವ ಕವಲಿನ ಹಿಂದೆಯೂ ಹೋಗದೆ ನೇರವಾಗಿ ನಡುವೆ ಇಳಿಯಬೇಕು. ವಪೆಯನ್ನು ನಡುವಿನಲ್ಲೇ ದಾಟಬೇಕು. ಆಮೇಲೆ ಎಡಕ್ಕೆ ಹೊರಳಿ, ತುದಿ ವಪೆಯ ಕೆಳಗೆ ಸ್ಪಷ್ಟವಾಗಿ ಕಾಣಬೇಕು. ಆ ದಿನ ಡ್ಯೂಟಿ ಡಾಕ್ಟರು ಇಷ್ಟನ್ನೂ ಬೆರಳಿಟ್ಟು ನೋಡಿ, ದಿನಾಂಕ, ಗಂಟೆ ಹಾಕಿ ‘ಊಟ ಹಾಕಬಹುದು’ ಎಂದು ಬರೆದರು. ಆಮೇಲೆಯೇ ಮೊದಲ 30 ಮಿ.ಲೀ. ನೀರು ಒಳಗೆ ಹೋದದ್ದು. ಆಗ ಮಧ್ಯಾಹ್ನ ಒಂದೂವರೆ. ಒಂದು ಹೊತ್ತಿನ ಗಂಜಿ ತಪ್ಪಿದ್ದರಿಂದ ಅವರಿಗೆ ಏನೂ ಆಗಲಿಲ್ಲ. ತಪ್ಪಾದ ಜಾಗಕ್ಕೆ ಹೋದ ಒಂದು ಹೊತ್ತಿನ ಗಂಜಿ ಜೀವ ತೆಗೆಯಬಲ್ಲದು.

ಮನೆಯಲ್ಲಿ ದಿನಕ್ಕೆ ಆರು ಸಲ ಊಟ ಹಾಕುವವರು ಆರು ಸಲವೂ ಎಕ್ಸ್‌ರೇ ತೆಗೆಸಲಾರರು, ಬೇಕಾಗಿಯೂ ಇಲ್ಲ. ಆ ಎಕ್ಸ್‌ರೇ ಹೇಳುವುದು ಆ ಗಂಟೆಯ ಸತ್ಯವನ್ನು ಮಾತ್ರ. ಮುಂದೆ ಟ್ಯೂಬ್ ಅಲ್ಲೇ ಇದೆಯೇ ಎಂದು ನೋಡುವುದು ಮನೆಯವರ ಕಣ್ಣು. ಮೂಗಿನ ಹೊಳ್ಳೆಯ ಬಳಿ ಟ್ಯೂಬಿನ ಮೇಲೆ ಅಳಿಸದ ಪೆನ್ನಿನಲ್ಲಿ ಒಂದು ಗೆರೆ, ಹೊರಗಿನ ಉದ್ದ ಗೋಡೆಯ ಮೇಲಿನ ಚೀಟಿಯಲ್ಲಿ. ಪ್ರತಿ ಊಟಕ್ಕೆ ಮುಂಚೆ ಗೆರೆ ನೋಡಬೇಕು, ಟೇಪಿನಲ್ಲಿ ಅಳೆಯಬೇಕು, ಬಾಯಿ ತೆರೆಸಿ ಟಾರ್ಚ್ ಬಿಟ್ಟು ಟ್ಯೂಬ್ ಒಳಗೆ ಸುರುಳಿಯಾಗಿದೆಯೇ ಎಂದು ನೋಡಬೇಕು. ಬಾಯೊಳಗೆ ಸುರುಳಿ ಸುತ್ತಿದ್ದರೆ ಮೂಗಿನ ಬಳಿಯ ಗೆರೆ ಸರಿಯಾಗಿಯೇ ಕಾಣುತ್ತದೆ. ಜೋರು ಕೆಮ್ಮು, ವಾಂತಿ, ಬಿಕ್ಕಳಿಕೆ ಬಂದ ಮೇಲಂತೂ ನೋಡಲೇಬೇಕು. ಆಮೇಲೆ ರಸ ಎಳೆದು ಪಟ್ಟಿ. ನಮ್ಮ ಯಜಮಾನರಂತೆ ಮಾತ್ರೆಯ ಕಾರಣಕ್ಕೆ ಯಾವಾಗಲೂ 6 ಬರುವವರಿದ್ದರೆ, ಎಕ್ಸ್‌ರೇ ಸರಿಯಿದ್ದ ದಿನದ ಅಂಕಿ ಎಷ್ಟಿತ್ತು, ಇನ್ನು ಮುಂದೆ ಯಾವುದನ್ನು ನಂಬಬೇಕು, ಯಾವಾಗ ವಾಪಸ್ ಬರಬೇಕು ಎಂದು ಡಾಕ್ಟರಿಂದ ಬರೆಸಿಕೊಳ್ಳಬೇಕು.

ಇಷ್ಟಾದರೆ ಟ್ಯೂಬಿನ ಜಾಗದ ಚಿಂತೆ ಕಳೆಯಿತು. ಆದರೆ ಟ್ಯೂಬ್ ಸರಿಯಾಗಿದ್ದರೂ ಊಟ ಶ್ವಾಸಕೋಶಕ್ಕೆ ಹೋಗಬಲ್ಲದು. ಇದು ಬಹಳ ಮನೆಗಳಲ್ಲಿ ಗೊತ್ತಿಲ್ಲ. ‘ಮೂಗಿನಿಂದಲೇ ಹೊಟ್ಟೆಗೆ ಹೋಗುತ್ತಲ್ಲ, ಇನ್ನು ನೆತ್ತಿಗೆ ಹತ್ತುವ ಮಾತೆಲ್ಲಿ?’ ಎಂದು ಕೇಳುತ್ತಾರೆ. ಹೊಟ್ಟೆಯ ಬಾಯಿಯನ್ನು ಒಂದು ಸ್ನಾಯು ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಟ್ಯೂಬ್ ಅದರ ನಡುವೆಯೇ ಹಾದುಹೋಗುವುದರಿಂದ ಬಾಗಿಲು ಸ್ವಲ್ಪ ತೆರೆದೇ ಉಳಿಯುತ್ತದೆ. ಅಂಗಾತ ಮಲಗಿದವರ ಹೊಟ್ಟೆಯಲ್ಲಿದ್ದದ್ದು ಮೆಲ್ಲಗೆ ಗಂಟಲಿಗೆ ಹರಿಯುತ್ತದೆ. ನಮಗೆ ನಿಮಗೆ ನೆತ್ತಿಗೆ ಹತ್ತಿದರೆ ಕೆಮ್ಮಿ ಕಣ್ಣೀರು ಬಂದು ಹೊರಹಾಕುತ್ತೇವೆ. ಲಕ್ವ ಹೊಡೆದವರಿಗೆ ಆ ಕೆಮ್ಮೇ ಬಾರದಿರಬಹುದು. ಸದ್ದಿಲ್ಲದೆ ಇಳಿಯುತ್ತದೆ, ಎರಡು ದಿನಕ್ಕೆ ಜ್ವರ, ನ್ಯುಮೋನಿಯಾ.

ತಡೆಯುವುದರಲ್ಲಿ ಅರ್ಧ ಪಾಲು ಕೂರಿಸುವ ಕ್ರಮದ್ದೇ. ತಲೆ ಮತ್ತು ಎದೆ 30ರಿಂದ 45 ಡಿಗ್ರಿ ಮೇಲಿರಬೇಕು ಎಂದು ಚೀಟಿಯಲ್ಲಿ ಬರೆದಿರುತ್ತಾರೆ. ಕೀಲಿ ತಿರುಗಿಸಿ ಎತ್ತುವ ಮಂಚ ಹಳ್ಳಿಯ ಮನೆಯಲ್ಲಿ ಎಲ್ಲಿಂದ ಬರಬೇಕು? ಎರಡು ದಿಂಬನ್ನು ತಲೆಯಡಿ ತುರುಕುತ್ತಾರೆ. ಅದರಿಂದ ಕುತ್ತಿಗೆ ಬಗ್ಗುತ್ತದೆ, ಹೊಟ್ಟೆ ಮಡಚಿ ಒತ್ತಡ ಬೀಳುತ್ತದೆ, ಬೆನ್ನು ಮಾತ್ರ ಮಲಗೇ ಇರುತ್ತದೆ. ಎತ್ತಬೇಕಾದದ್ದು ಸೊಂಟದಿಂದ. ಆ ಮನೆಯಲ್ಲಿ ಮರದ ಕುರ್ಚಿಯೊಂದನ್ನು ಮಂಚದ ತಲೆಯ ಕಡೆ ಬೋರಲಾಗಿ ಇಟ್ಟು, ಅದರ ಇಳಿಜಾರು ಬೆನ್ನಿನ ಮೇಲೆ ಹಾಸಿಗೆ ಹರಡಿ ಹಗ್ಗದಿಂದ ಕಟ್ಟಿದೆವು. ಸೊಂಟದಿಂದ ತಲೆಯವರೆಗೆ 80 ಸೆಂ.ಮೀ. ಇರುವವರಿಗೆ ತಲೆಯ ಕಡೆ 40 ಸೆಂ.ಮೀ. ಎತ್ತರವಾದರೆ 30 ಡಿಗ್ರಿ ಸಿಕ್ಕಿತು. ಅದನ್ನೂ ಅದೇ ಹೊಲಿಗೆಯ ಟೇಪಿನಲ್ಲಿ ಅಳೆದೆವು. ಕೆಳಗೆ ಜಾರದಂತೆ ಮೊಣಕಾಲಡಿ ಒಂದು ದಿಂಬು. ಊಟ ಮುಗಿದ ಮೇಲೂ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಹಾಗೆಯೇ ಇರಬೇಕು. ಡಯಾಪರ್ ಬದಲಿಸುವುದು, ಮೈ ಒರೆಸುವುದು, ವ್ಯಾಯಾಮ, ಮಲಗಿಸಿ ಮಾಡುವ ಎಲ್ಲವೂ ಊಟಕ್ಕೆ ಮುಂಚೆಯೇ ಮುಗಿಯಲಿ.

ಇನ್ನು ಹಾಕುವ ವೇಗ. ಸಿರಿಂಜಿನ ದಂಡ ತೆಗೆದಿಟ್ಟು, ಬರೀ ಕೊಳವೆಯನ್ನು ಹೊಟ್ಟೆಗಿಂತ ಒಂದು ಅಡಿ ಮೇಲೆ ಹಿಡಿದು, ಸೋಸಿದ ಗಂಜಿ ತಾನಾಗಿ ಇಳಿಯಲು ಬಿಡಬೇಕು. 200 ಮಿ.ಲೀ. ಇಳಿಯಲು ಹದಿನೈದು ಇಪ್ಪತ್ತು ನಿಮಿಷ ಬೇಕು. ಇಳಿಯುತ್ತಿಲ್ಲವೆಂದು ದಂಡ ಹಾಕಿ ಒತ್ತಬಾರದು. ಹೊಟ್ಟೆ ಒಮ್ಮೆಲೇ ಉಬ್ಬಿದರೆ ಮೇಲಕ್ಕೇ ಬರುತ್ತದೆ. ಊಟಕ್ಕೆ ಮುಂಚೆ ಎಳೆದಾಗ ಹಿಂದಿನ ಗಂಜಿ ಐವತ್ತು ಅರವತ್ತು ಮಿ.ಲೀ. ಬಂದರೆ ಗಾಬರಿ ಬೇಡ, ಅದನ್ನು ಮೆಲ್ಲಗೆ ವಾಪಸ್ ಬಿಟ್ಟು ಮುಂದುವರಿಯಬಹುದು. 200ಕ್ಕಿಂತ ಹೆಚ್ಚು ಬಂದು, ಹೊಟ್ಟೆ ಬಿಗಿದಿದ್ದರೆ ಅಥವಾ ವಾಕರಿಕೆ ಇದ್ದರೆ ಆ ಹೊತ್ತಿನ ಊಟ ನಿಲ್ಲಿಸಿ ಆಸ್ಪತ್ರೆಗೆ ಫೋನ್ ಮಾಡಬೇಕು.

ಬಾಯಿಯ ಮಾತು ಕೊನೆಗೆ ಉಳಿಯಿತು, ಆದರೆ ಸಣ್ಣದಲ್ಲ. ಬಾಯಿಂದ ಊಟ ಇಲ್ಲವೆಂದು ಹಲ್ಲುಜ್ಜುವುದನ್ನೇ ನಿಲ್ಲಿಸುತ್ತಾರೆ. ಟ್ಯೂಬ್ ಊಟವನ್ನು ಹೊಟ್ಟೆಗೆ ಮುಟ್ಟಿಸುತ್ತದೆ, ಎಂಜಲನ್ನಲ್ಲ. ನುಂಗಲಾಗದ ಎಂಜಲು ಕೊಳಕು ಬಾಯಿಯ ರೋಗಾಣುಗಳನ್ನು ಹೊತ್ತುಕೊಂಡು ಹಗಲೂ ರಾತ್ರಿ ಶ್ವಾಸನಾಳಕ್ಕೆ ಜಿನುಗುತ್ತಿರುತ್ತದೆ. ದಿನಕ್ಕೆ ಎರಡು ಸಲ ಮೆತ್ತಗಿನ ಬ್ರಷ್‌ನಿಂದ ಹಲ್ಲು, ನಾಲಿಗೆ ಉಜ್ಜಿ, ತಲೆ ಒಂದು ಬದಿಗೆ ತಿರುಗಿಸಿ, ಒದ್ದೆ ಬಟ್ಟೆಯಿಂದ ಒರೆಸಬೇಕು. ಬಾಯಿಗೆ ನೀರು ಸುರಿಯಬಾರದು. ‘ಬಾಯಾರಿದೆ ಪಾಪ’ ಎಂದು ಪ್ರೀತಿಯಿಂದ ಬಿಡುವ ಒಂದು ಚಮಚ ಕಾಫಿಯೂ ಬೇಡ.

ಊಟ ಹಾಕುವಾಗ ಕೆಮ್ಮು, ಉಸಿರುಗಟ್ಟುವಿಕೆ, ತುಟಿ ನೀಲಿಯಾಗುವುದು ಕಂಡರೆ ಅಲ್ಲೇ ನಿಲ್ಲಿಸಿ, ಟ್ಯೂಬ್ ಮಡಚಿ ಹಿಡಿದು, ತಲೆ ಮೇಲಿಟ್ಟೇ ಪಕ್ಕಕ್ಕೆ ತಿರುಗಿಸಿ, ಬಾಯಲ್ಲಿರುವುದನ್ನು ಒರೆಸಿ 108ಕ್ಕೆ ಕರೆ ಮಾಡಿ. ಏನೂ ಕಾಣದೆಯೂ ಧ್ವನಿ ಗೊರಗೊರ ಎನ್ನತೊಡಗಿದರೆ, ಜ್ವರ ಬಂದರೆ, ನಿಮಿಷಕ್ಕೆ 24ಕ್ಕಿಂತ ಹೆಚ್ಚು ಸಲ ಉಸಿರಾಡುತ್ತಿದ್ದರೆ ಮರುದಿನಕ್ಕೆ ಕಾಯದೆ ತೋರಿಸಿ.

ಆ ಯಜಮಾನರಿಗೆ ಐದನೆಯ ವಾರ ನುಂಗುವ ಪರೀಕ್ಷೆ ಮಾಡಿದರು. ಗಟ್ಟಿ ಗಂಜಿ ಚಮಚದಲ್ಲಿ ನುಂಗಿದರು, ತೆಳು ನೀರು ಇನ್ನೂ ಕಷ್ಟವಿತ್ತು. ಇನ್ನೆರಡು ವಾರಕ್ಕೆ ಟ್ಯೂಬ್ ತೆಗೆದರು. ಅಷ್ಟು ದಿನವೂ ಅವರ ಸೊಸೆ ಹೊತ್ತುಹೊತ್ತಿಗೆ ಅಳತೆ ಬರೆದ ಒಂದು ಶಾಲಾ ನೋಟ್‌ಬುಕ್ ನನ್ನ ಬಳಿ ಇದೆ. ಎರಡು ಕಡೆ ಮಾತ್ರ 47ರ ಬದಲು 49, 50 ಎಂದಿದೆ. ಎರಡು ಸಲವೂ ಊಟ ನಿಲ್ಲಿಸಿ, ಫೋನ್ ಮಾಡಿ, ಬಂದು ತೋರಿಸಿಕೊಂಡು ಹೋಗಿದ್ದಾಳೆ.

ನಿಮ್ಮ ಮನೆಯವರನ್ನು ಟ್ಯೂಬ್ ಜೊತೆ ಡಿಸ್ಚಾರ್ಜ್ ಮಾಡುವ ದಿನ ವಾರ್ಡ್ ಬಿಡುವ ಮುಂಚೆ ಒಳಗೆಷ್ಟು, ಹೊರಗೆಷ್ಟು ಎಂದು ಬರೆಸಿಕೊಳ್ಳಿ. ಪಿಎಚ್ ಪಟ್ಟಿ ತರಿಸಿ, ನರ್ಸ್ ಎದುರಿಗೇ ನಿಮ್ಮ ಕೈಯಿಂದ ಒಮ್ಮೆ ಮಾಡಿ ನೋಡಿ. ಸ್ಟೆತಾಸ್ಕೋಪ್ ಕೊಳ್ಳಬೇಡಿ.